ಮೆಕ್ಕೆಜೋಳದ ಡ್ರೈಯರ್ ಯಾರಿಂದ ಕೊಳ್ಳಬೇಕು? ವೇಟೇಜ್ ಹಾಕಿ, ಅಂಕ ಕೊಟ್ಟು, ರ‍್ಯಾಂಕ್ ತೆಗೆಯುವ ಶೀಟ್ ಮಾಡುವ ಬಗೆ

ದಾವಣಗೆರೆ, ಜಗಳೂರು, ಹರಿಹರದ ಕಡೆ ಮೆಕ್ಕೆಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಹಿಂಗಾರು ಮಳೆಯೂ ಶುರುವಾಗಿರುತ್ತದೆ. ರಸ್ತೆ ಬದಿಯಲ್ಲಿ ತಾಡಪಾಲು ಹಾಸಿ ಹರವಿದ ಕಾಳು ಸಂಜೆ ಮೋಡ ಕಟ್ಟಿದರೆ ಮತ್ತೆ ರಾಶಿಯಾಗುತ್ತದೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ 14% ದಾಟುವಂತಿಲ್ಲ. ಹೊಲದಿಂದ ಬರುವ ಕಾಳಿನಲ್ಲಿ 20% ಇರುವುದು ಸಾಮಾನ್ಯ. ಹೀಗಾಗಿ ಹಲವು ರೈತ ಉತ್ಪಾದಕ ಕಂಪನಿಗಳು ಸ್ವಂತ ಡ್ರೈಯರ್ ಕೊಳ್ಳುವ ಯೋಚನೆಗೆ ಬರುತ್ತವೆ. ನಾಲ್ಕು ಕೊಟೇಷನ್ ತರಿಸುತ್ತಾರೆ, ನಿರ್ದೇಶಕರ ಸಭೆ ಸೇರುತ್ತದೆ, ಅಲ್ಲಿ ಒಬ್ಬರು ರೇಟು ಹಿಡಿದು ಕೂತರೆ ಇನ್ನೊಬ್ಬರು ಸರ್ವಿಸ್ ಹಿಡಿದು ಕೂರುತ್ತಾರೆ.

ಈ ಜಗ್ಗಾಟವನ್ನು ಲೆಕ್ಕಕ್ಕೆ ಇಳಿಸಲು ಅಂಕಪಟ್ಟಿ ಬೇಕು. ಒಂದೊಂದು ಮಾನದಂಡಕ್ಕೂ ಇಷ್ಟು ತೂಕ ಎಂದು ಮೊದಲೇ ಗೊತ್ತು ಮಾಡಿಕೊಂಡು, ಮಾರಾಟಗಾರರಿಗೆ ಅಂಕ ಕೊಟ್ಟು, ಗುಣಿಸಿ ಕೂಡಿಸಿದರೆ ರ‍್ಯಾಂಕ್ ತಾನಾಗಿ ಬರುತ್ತದೆ. ಶೀಟ್ ಮಾಡಲು ಅರ್ಧ ಗಂಟೆ ಸಾಕು. ಕಷ್ಟ ಇರುವುದು ಒಂದೇ ಕಡೆ: ರೂಪಾಯಿಯನ್ನು ಅಂಕಕ್ಕೆ ಬದಲಿಸುವ ಸೂತ್ರದಲ್ಲಿ. ಅದು ತಪ್ಪಿದರೆ ತೂಕ ಎಷ್ಟು ನ್ಯಾಯವಾಗಿದ್ದರೂ ಗೆಲ್ಲುವವರು ಬದಲಾಗುತ್ತಾರೆ. ಅದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಆ ಹೆಜ್ಜೆಗೆ. ಕೆಳಗಿನ ರೂಪಾಯಿ ಅಂಕಿಗಳೆಲ್ಲ ಶೀಟ್ ಕಲಿಯಲು ಹಾಕಿಕೊಂಡ ಮಾದರಿ. ನಿಮ್ಮ ಕೊಟೇಷನ್ ಅಂಕಿಗಳನ್ನು ಅದೇ ಜಾಗದಲ್ಲಿ ತುಂಬಿದರೆ ಆಯಿತು.

ಹೆಜ್ಜೆ 1: ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ

ಕೊಟೇಷನ್ ಕೇಳುವ ಪತ್ರದಲ್ಲಿ "5 ಟನ್ ಡ್ರೈಯರ್" ಎಂದಷ್ಟೇ ಬರೆದರೆ ಬರುವ ಉತ್ತರಗಳನ್ನು ಹೋಲಿಸಲು ಆಗುವುದಿಲ್ಲ. ಒಬ್ಬರು ಒಳಗೆ ಹಾಕುವ ಹಸಿ ಕಾಳಿನ ತೂಕ ಹೇಳಿರುತ್ತಾರೆ, ಇನ್ನೊಬ್ಬರು ಹೊರಗೆ ಬರುವ ಒಣ ಕಾಳಿನದು. ಒಂದು ಟನ್ ಕಾಳನ್ನು 20%ರಿಂದ 14%ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 930 ಕೆಜಿ. 70 ಕೆಜಿ ನೀರು ಆವಿಯಾಗಿ ಹೋಗಿರುತ್ತದೆ. ಎರಡು ಮೂರು ಶೇಕಡಾ ತೇವ ತೆಗೆಯುವ ವೇಗವನ್ನೇ ಯಂತ್ರದ ಸಾಮರ್ಥ್ಯ ಎಂದು ಬರೆಯುವವರೂ ಇದ್ದಾರೆ. ಆದ್ದರಿಂದ ಪತ್ರದಲ್ಲಿ ಹೀಗೆ ಸ್ಪಷ್ಟವಾಗಿ ಬರೆಯಿರಿ: "ಒಂದು ಬ್ಯಾಚಿಗೆ 5 ಟನ್ ಹಸಿ ಮೆಕ್ಕೆಜೋಳ, 20%ರಿಂದ 14%ಕ್ಕೆ ಇಳಿಸಲು ಎಷ್ಟು ಗಂಟೆ, ಟನ್ನಿಗೆ ಎಷ್ಟು ಸೌದೆ, ಎಷ್ಟು ಯೂನಿಟ್ ಕರೆಂಟು?" ಬೆಲೆಯಲ್ಲಿ ಜಿಎಸ್‌ಟಿ, ಸಾಗಾಣಿಕೆ, ಫಿಟ್ಟಿಂಗ್ ಸೇರಿದೆಯೋ ಇಲ್ಲವೋ ಎಂದೂ ಕೇಳಿ. ಸೇರಿಸುವುದಾದರೆ ಎಲ್ಲರಿಗೂ ಸೇರಿಸಿ, ಬಿಡುವುದಾದರೆ ಎಲ್ಲರಿಗೂ ಬಿಡಿ.

ಹೆಜ್ಜೆ 2: ಬಾಗಿಲಲ್ಲೇ ನಿಲ್ಲಿಸುವ ಷರತ್ತು ಯಾವುದು?

ಕೆಲವು ವಿಷಯಗಳಿಗೆ ಅಂಕ ಕೊಡಬಾರದು. ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ನಮ್ಮ ಉದಾಹರಣೆಯಲ್ಲಿ ಅಂಥವು ಎರಡು. ಮೊದಲನೆಯದು, ಒಲೆಯ ಹೊಗೆ ಕಾಳಿಗೆ ತಾಗದಂತೆ ಬಿಸಿಗಾಳಿ ಮಾತ್ರ ಒಳಗೆ ಹೋಗುವ ವ್ಯವಸ್ಥೆ ಇರಬೇಕು. ಹೊಗೆ ವಾಸನೆ, ಮಸಿ ಹತ್ತಿದ ಕಾಳನ್ನು ಕೋಳಿ ಆಹಾರದ ಫ್ಯಾಕ್ಟರಿಯವರು ಲಾರಿ ಹತ್ತಿರವೇ ನಿಂತು ವಾಪಸ್ ಕಳಿಸುತ್ತಾರೆ. ಎರಡನೆಯದು, ಸೆಪ್ಟೆಂಬರ್ ಕೊನೆಯೊಳಗೆ ಯಂತ್ರ ನಿಂತು ಓಡಬೇಕು. ಅಕ್ಟೋಬರ್‌–ನವೆಂಬರ್ ಕಳೆದ ಮೇಲೆ ಬರುವ ಯಂತ್ರದಿಂದ ಆ ವರ್ಷ ಉಪಯೋಗವಿಲ್ಲ.

ಇಂಥ ಷರತ್ತನ್ನು ಅಂಕದ ಪಟ್ಟಿಗೆ ಸೇರಿಸಿದರೆ, ಹೊಗೆ ತಾಗುವ ಯಂತ್ರವೂ ಅಗ್ಗದ ಬೆಲೆಯ ಬಲದಿಂದ ಮೇಲಕ್ಕೆ ಬಂದುಬಿಡಬಹುದು. ಬಾಗಿಲ ಷರತ್ತು ಮಾಡುವ ಉದ್ದೇಶವೇ ಅದನ್ನು ತಡೆಯುವುದು.

ಹೆಜ್ಜೆ 3: ನಾಲ್ಕು ಮಾನದಂಡ, ನಾಲ್ಕು ತೂಕ

ಹತ್ತು ಹನ್ನೆರಡು ಮಾನದಂಡ ಹಾಕಿದ ಪಟ್ಟಿಗಳನ್ನು ನೋಡಿದ್ದೇನೆ. ಅಲ್ಲಿ ಎಲ್ಲರ ಮೊತ್ತವೂ ಹತ್ತಿರ ಹತ್ತಿರ ಬಂದು ಕೊನೆಗೆ ಮತ್ತೆ ಬಾಯಿಮಾತಿನ ಮೇಲೇ ತೀರ್ಮಾನ ಆಗುತ್ತದೆ. ನಾಲ್ಕೈದು ಸಾಕು. ನಮ್ಮ ಮಾದರಿಯಲ್ಲಿ 5 ವರ್ಷದ ಒಟ್ಟು ಖರ್ಚಿಗೆ 40%, ಸರ್ವಿಸ್‌ಗೆ 30%, ಕಾಳು ಸಮನಾಗಿ ಒಣಗುವುದಕ್ಕೆ 20%, ವಾರಂಟಿ ಮತ್ತು ಹಣ ಪಾವತಿಯ ಷರತ್ತಿಗೆ 10%.

ಒಂದೇ ಸಂಗತಿಯನ್ನು ಎರಡು ಸಲ ಎಣಿಸದಂತೆ ನೋಡಿಕೊಳ್ಳಿ. ಸೌದೆ ಖರ್ಚು ಒಟ್ಟು ಖರ್ಚಿನಲ್ಲಿ ಸೇರಿದ ಮೇಲೆ "ಇಂಧನ ಉಳಿತಾಯ" ಎಂದು ಇನ್ನೊಂದು ಕಾಲಂ ಬೇಡ.

ತೂಕವನ್ನು ಕೊಟೇಷನ್ ಲಕೋಟೆ ಒಡೆಯುವ ಮೊದಲೇ ಸಭೆಯಲ್ಲಿ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ರೇಟು ಕಂಡ ಮೇಲೆ ತೂಕ ಕೂರಿಸಿದರೆ ಅದು ಮನಸ್ಸಿನಲ್ಲಿ ಆಗಲೇ ಗೆದ್ದವರ ಅಳತೆಗೆ ಹೊಲಿದ ಅಂಗಿಯಾಗುತ್ತದೆ. ಸರ್ಕಾರಿ ಕಚೇರಿಗಳಿಗಾದರೆ ಇದು ಕಾನೂನಿನ ಮಾತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಪ್ರಕಾರ ಟೆಂಡರ್ ದಾಖಲೆಯಲ್ಲಿ ಹೇಳಿದ ಮಾನದಂಡದ ಮೇಲೆಯೇ ಮೌಲ್ಯಮಾಪನ ನಡೆಯಬೇಕು. ನಿಮ್ಮ ಕಂಪನಿ ಅನುದಾನದ ಹಣದಲ್ಲಿ ಕೊಳ್ಳುತ್ತಿದ್ದರೆ ಆ ಯೋಜನೆಯ ಖರೀದಿ ನಿಯಮವನ್ನು ಮೊದಲು ಓದಿ, ಆಮೇಲೆ ಶೀಟ್ ತೆರೆಯಿರಿ.

ಹೆಜ್ಜೆ 4: ಅಂಕಕ್ಕೆ ಮೆಟ್ಟಿಲು ಕಟ್ಟಿ

"ಸರ್ವಿಸ್ ಚೆನ್ನಾಗಿದೆ, 8 ಕೊಡೋಣ" ಎನ್ನುವುದು ಅಂಕ ಅಲ್ಲ, ಅಭಿಪ್ರಾಯ. ಯಾವ ಸಾಕ್ಷಿಗೆ ಯಾವ ಅಂಕ ಎಂದು ಮೊದಲೇ ಬರೆದಿಟ್ಟರೆ ಮೂರು ಜನ ಬೇರೆ ಬೇರೆ ಕೂತು ತುಂಬಿದರೂ ಹೆಚ್ಚು ಕಡಿಮೆ ಒಂದೇ ಉತ್ತರ ಬರುತ್ತದೆ. 10, 7, 4, 1 ಎಂಬ ನಾಲ್ಕು ಮೆಟ್ಟಿಲು ಸಾಕು.

ಸರ್ವಿಸ್: ಕರೆ ಮಾಡಿದ 24 ಗಂಟೆಯೊಳಗೆ ಮೆಕ್ಯಾನಿಕ್ ಬಂದರೆ 10, 48 ಗಂಟೆಗೆ 7, 72 ಗಂಟೆಗೆ 4, ಅದಕ್ಕೂ ತಡವಾದರೆ 1. ಮಾರಾಟಗಾರರ ಬಾಯಿಮಾತನ್ನು ನಂಬಿ ತುಂಬಬೇಡಿ. ಅವರ ಹಳೆಯ ಗಿರಾಕಿಗಳಿಗೆ ಫೋನ್ ಮಾಡಿ, "ಕೊನೇ ಸಲ ಬ್ಲೋವರ್ ಅಥವಾ ಮೋಟಾರ್ ಕೆಟ್ಟಾಗ ಎಷ್ಟನೇ ದಿನಕ್ಕೆ ಬಂದ್ರು?" ಎಂದು ಕೇಳಿ.

ಸಮನಾಗಿ ಒಣಗುವುದು: ಇದನ್ನು ಕಣ್ಣಾರೆ ನೋಡಿಯೇ ತುಂಬಬೇಕು. ಬಿಸಿಗಾಳಿ ಕೆಳಗಿನಿಂದ ಮೇಲೆ ಹೋಗುವ ತೊಟ್ಟಿಯಲ್ಲಿ ತಳದ ಕಾಳು ಅತಿಯಾಗಿ ಒಣಗಿ ಮೇಲಿನ ಪದರ ಹಸಿಯಾಗಿಯೇ ಉಳಿಯುವುದುಂಟು. ಸರಾಸರಿ 14% ಬಂದಿದ್ದರೂ ಮೇಲಿನ ಪದರ 17% ಇದ್ದರೆ ಗೋದಾಮಿನಲ್ಲಿ ಬೂಸಲು ಅಲ್ಲಿಂದಲೇ ಶುರುವಾಗುತ್ತದೆ. ಯಂತ್ರ ಓಡುತ್ತಿರುವ ಜಾಗಕ್ಕೆ ಹೋಗಿ, ಬ್ಯಾಚ್ ಮುಗಿದಾಗ ತಳ, ನಡು, ಮೇಲು ಮೂರೂ ಕಡೆ ಕಾಳು ತೆಗೆದು ತೇವಾಂಶ ನೋಡಿ. ವ್ಯತ್ಯಾಸ 1 ಅಂಶದೊಳಗಿದ್ದರೆ 10, 2ರೊಳಗೆ 7, 3ರೊಳಗೆ 4, ಅದಕ್ಕೂ ಮೇಲಾದರೆ 1. ಎಲ್ಲ ಕಡೆಗೂ ನಿಮ್ಮದೇ ಮೀಟರ್ ಒಯ್ಯಿರಿ. ಬಿಸಿ ಕಾಳಿಗೆ ಮೀಟರ್ ಹಿಡಿದರೆ ಸರಿಯಾದ ಅಂಕಿ ಬರುವುದಿಲ್ಲ, ಮುಚ್ಚಿದ ಡಬ್ಬಿಯಲ್ಲಿಟ್ಟು ತಣ್ಣಗಾದ ಮೇಲೆ ಅಳೆಯಿರಿ.

ವಾರಂಟಿ ಮತ್ತು ಪಾವತಿ: ಎರಡು ವರ್ಷದ ವಾರಂಟಿ ಇದ್ದು 10% ಹಣವನ್ನು ಸೀಸನ್ ಮುಗಿಯುವವರೆಗೆ ತಡೆಹಿಡಿಯಲು ಒಪ್ಪಿದರೆ 10. ಒಂದು ವರ್ಷ ವಾರಂಟಿ, 10% ತಡೆ ಇದ್ದರೆ 7. ಒಂದು ವರ್ಷ ವಾರಂಟಿ, ಆದರೆ ಲೋಡ್ ಮಾಡುವ ಮೊದಲೇ ಪೂರ್ತಿ ಹಣ ಎಂದರೆ 4. ವಾರಂಟಿಯೇ ಇಲ್ಲದಿದ್ದರೆ 1.

ಹೆಜ್ಜೆ 5: ಒಟ್ಟು ಖರ್ಚು

ಕೊಟೇಷನ್ನಿನ ಕೊನೆಯ ಸಾಲಿನ ಬೆಲೆಗಿಂತ 5 ವರ್ಷ ಓಡಿಸುವ ಖರ್ಚು ಮುಖ್ಯ. ವರ್ಷಕ್ಕೆ 500 ಟನ್ ಒಣಗಿಸುತ್ತೇವೆ ಎಂದುಕೊಂಡರೆ 5 ವರ್ಷಕ್ಕೆ 2500 ಟನ್. ಯಂತ್ರದ ಬೆಲೆಗೆ ಟನ್ನಿನ ಸೌದೆ–ಕರೆಂಟು ಖರ್ಚನ್ನು 2500ರಿಂದ ಗುಣಿಸಿ ಕೂಡಿಸಿ.

| ಮಾರಾಟಗಾರ | ಯಂತ್ರ (ಲಕ್ಷ) | ಟನ್ನಿಗೆ ಖರ್ಚು | 5 ವರ್ಷದ ಒಟ್ಟು (ಲಕ್ಷ) | ಹೊಗೆ ತಡೆ ಇದೆಯೇ? |
|---|---|---|---|---|
| ಕೊಯಮತ್ತೂರು | 9.20 | ₹300 | 16.70 | ಹೌದು |
| ರಾಜ್‌ಕೋಟ್ | 7.60 | ₹340 | 16.10 | ಹೌದು |
| ಹುಬ್ಬಳ್ಳಿ | 8.40 | ₹360 | 17.40 | ಹೌದು |
| ಸ್ಥಳೀಯ ಡೀಲರ್ | 6.00 | ₹260 | 12.50 | ಇಲ್ಲ |

ಯಂತ್ರದ ಬೆಲೆಯಲ್ಲಿ ಕೊಯಮತ್ತೂರಿನದು ಎಲ್ಲರಿಗಿಂತ ದುಬಾರಿ. 5 ವರ್ಷದ ಲೆಕ್ಕಕ್ಕೆ ಬಂದರೆ ಹುಬ್ಬಳ್ಳಿಯದಕ್ಕಿಂತ ಅಗ್ಗ. ಸ್ಥಳೀಯ ಡೀಲರ್ ಯಂತ್ರ ಬಾಗಿಲಲ್ಲೇ ನಿಂತಿತು.

ಹೆಜ್ಜೆ 6: ಶೀಟ್ ಕಟ್ಟುವುದು

ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ 2019 ಹಾಗೂ ನಂತರದ್ದು ಇದ್ದರೆ ಸಾಕು. 4ನೇ ಸಾಲಿನಲ್ಲಿ ತಲೆಬರಹ, 5ರಿಂದ 8ನೇ ಸಾಲಿಗೆ ನಾಲ್ಕು ಮಾರಾಟಗಾರರು. ಕಾಲಂ A ಹೆಸರು, B ಬಾಗಿಲ ಷರತ್ತು (ಪಾಸಾದರೆ 1, ಇಲ್ಲದಿದ್ದರೆ 0), C ಒಟ್ಟು ಖರ್ಚು, D ಖರ್ಚಿನ ಅಂಕ, E ಸರ್ವಿಸ್, F ಸಮನಾಗಿ ಒಣಗುವುದು, G ವಾರಂಟಿ–ಪಾವತಿ, H ಒಟ್ಟು ಅಂಕ, I ರ‍್ಯಾಂಕ್. ಮೇಲೆ D2ರಿಂದ G2ವರೆಗೆ 40%, 30%, 20%, 10% ತುಂಬಿ. J2ರಲ್ಲಿ 20% ಬರೆಯಿರಿ, ಅದು ಏಕೆ ಎಂದು ಮುಂದಿನ ಹೆಜ್ಜೆಯಲ್ಲಿ ಬರುತ್ತದೆ.

H2ರಲ್ಲಿ ತೂಕದ ಮೊತ್ತಕ್ಕೆ ಕಾವಲು:

```
=IF(ROUND(SUM(D2:G2),4)=1,"ಸರಿ","ತೂಕ 100% ಆಗಿಲ್ಲ")
```

D5, H5, I5ರಲ್ಲಿ ಕ್ರಮವಾಗಿ ಈ ಮೂರನ್ನು ಹಾಕಿ 8ನೇ ಸಾಲಿನವರೆಗೆ ಎಳೆಯಿರಿ:

```
=IF(B5=1,MAX(0,10*(1-(C5/MINIFS($C$5:$C$8,$B$5:$B$8,1)-1)/$J$2)),"")
=IF(AND(B5=1,COUNT(D5:G5)=4),SUMPRODUCT($D$2:$G$2,D5:G5),"")
=IF(ISNUMBER(H5),RANK(H5,$H$5:$H$8,0),"")
```

ಮೊದಲ ಸೂತ್ರದಲ್ಲಿ `MIN` ಬದಲು `MINIFS` ಇರುವುದಕ್ಕೆ ಕಾರಣವಿದೆ. ಬಾಗಿಲಲ್ಲಿ ನಿಂತ ಡೀಲರ್‌ನ 12.50 ಲಕ್ಷವನ್ನು "ಅತಿ ಕಡಿಮೆ" ಎಂದು ಶೀಟ್ ಹಿಡಿದುಕೊಂಡರೆ, ಸ್ಪರ್ಧೆಯಲ್ಲೇ ಇಲ್ಲದವರ ರೇಟಿನಿಂದ ಉಳಿದ ಮೂವರ ಅಂಕವೂ ಕುಸಿಯುತ್ತದೆ. ಎಲ್ಲರಿಗೂ ಖರ್ಚಿನ ಅಂಕ ಒಟ್ಟಿಗೇ ತೀರಾ ಕಡಿಮೆ ಬಂದಿದ್ದರೆ ಈ ತಪ್ಪು ಆಗಿದೆ ಎಂದು ಅನುಮಾನಿಸಿ. ಎರಡನೆಯ ಸೂತ್ರದ `COUNT` ಇನ್ನೊಂದು ಕಾವಲು. ಯಾರದ್ದಾದರೂ ಅಂಕ ತುಂಬುವುದು ಮರೆತಿದ್ದರೆ `SUMPRODUCT` ಆ ಖಾಲಿ ಮನೆಯನ್ನು ಸೊನ್ನೆ ಎಂದು ಎಣಿಸಿ ಅವರನ್ನು ಸದ್ದಿಲ್ಲದೆ ಕೆಳಗೆ ತಳ್ಳುತ್ತದೆ. ಈಗ ಮೊತ್ತವೇ ಬರುವುದಿಲ್ಲ, ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ.

ರ‍್ಯಾಂಕ್ ಪ್ರಕಾರ ತಾನಾಗಿ ಜೋಡಿಸಿದ ಪಟ್ಟಿ ಬೇಕಿದ್ದರೆ A12ರಲ್ಲಿ ಇದನ್ನು ಹಾಕಿ. `FILTER`, `SORT` ಇರುವ ಹೊಸ ಎಕ್ಸೆಲ್‌ನಲ್ಲಿ `FALSE` ಜಾಗಕ್ಕೆ `-1` ಬರೆಯಬೇಕು.

```
=SORT(FILTER(A5:I8,B5:B8=1),8,FALSE)
```

ಹೆಜ್ಜೆ 7: ರೂಪಾಯಿಗೆ ಅಂಕ ಕೊಡುವ ಸೂತ್ರ

ಮೂವರಿಗೆ ಸಿಕ್ಕ ಉಳಿದ ಅಂಕ ಹೀಗಿದೆ ಎನ್ನೋಣ. ಸರ್ವಿಸ್: ಕೊಯಮತ್ತೂರು 7, ರಾಜ್‌ಕೋಟ್ 4, ಹುಬ್ಬಳ್ಳಿ 10. ಸಮನಾಗಿ ಒಣಗುವುದು: 10, 7, 7. ವಾರಂಟಿ–ಪಾವತಿ: 4, 4, 7. ಇವು ಬದಲಾಗುವುದಿಲ್ಲ, ತೂಕವೂ ಅದೇ. ಖರ್ಚಿಗೆ ಅಂಕ ಕೊಡುವ ರೀತಿಯನ್ನಷ್ಟೇ ಮೂರು ಬಗೆಯಲ್ಲಿ ಮಾಡಿ ನೋಡೋಣ.

ಮೊದಲ ಬಗೆ, ಅತಿ ಕಡಿಮೆ ಖರ್ಚನ್ನು ಅವರವರ ಖರ್ಚಿನಿಂದ ಭಾಗಿಸಿ 10ರಿಂದ ಗುಣಿಸುವುದು. ಎರಡನೆಯದು, ಅತಿ ಅಗ್ಗಕ್ಕೆ 10, ಅತಿ ದುಬಾರಿಗೆ 0, ನಡುವಿನವರಿಗೆ ಅಂತರಕ್ಕೆ ತಕ್ಕಂತೆ. ಮೂರನೆಯದು ನಮ್ಮ ಶೀಟಿನದು: ಅತಿ ಅಗ್ಗಕ್ಕೆ 10, ಅದಕ್ಕಿಂತ 20% ದುಬಾರಿಯಾದರೆ 0.

| ಒಟ್ಟು ಅಂಕ | ಕೊಯಮತ್ತೂರು | ರಾಜ್‌ಕೋಟ್ | ಹುಬ್ಬಳ್ಳಿ |
|---|---|---|---|
| ಭಾಗಿಸುವ ಬಗೆ | 8.36 | 7.00 | 8.80 |
| 10–0 ಬಗೆ | 6.65 | 7.00 | 5.10 |
| 20% ಮಿತಿಯ ಬಗೆ | 7.75 | 7.00 | 7.49 |

ಕೊಟೇಷನ್ ಅವೇ, ತೂಕ ಅದೇ, ಮೂರು ಸೂತ್ರಕ್ಕೆ ಮೂವರು ಗೆದ್ದರು. ಸಭೆಯಲ್ಲಿ ಎಲ್ಲರೂ 40, 30 ಎಂದು ತೂಕದ ಮೇಲೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆದರೆ ಕೊಯ್ಯುವ ಕತ್ತಿ ಇರುವುದು ಈ ಒಂದು ಸೂತ್ರದಲ್ಲಿ, ಅದನ್ನು ಶೀಟ್ ಮಾಡಿದವರು ಯಾರನ್ನೂ ಕೇಳದೆ ಹಾಕಿರುತ್ತಾರೆ.

ಹೀಗಾಗುವುದು ಏಕೆಂದರೆ, ಭಾಗಿಸುವ ಬಗೆಯಲ್ಲಿ 1.30 ಲಕ್ಷದ ವ್ಯತ್ಯಾಸಕ್ಕೆ ಒಂದು ಅಂಕವೂ ಪೂರ್ತಿ ಹೋಗುವುದಿಲ್ಲ: ರಾಜ್‌ಕೋಟಿಗೆ 10, ಹುಬ್ಬಳ್ಳಿಗೆ 9.25. ಖರ್ಚಿನ ತೂಕ ಹೆಸರಿಗೆ 40%, ಕೆಲಸದಲ್ಲಿ ತೀರಾ ಕಡಿಮೆ. 10–0 ಬಗೆಯಲ್ಲಿ ಅದೇ 1.30 ಲಕ್ಷಕ್ಕೆ ಹುಬ್ಬಳ್ಳಿಯವರ ಹತ್ತೂ ಅಂಕ ಹಾರಿಹೋಗುತ್ತದೆ. ಅವರ ರೇಟು 8% ಮಾತ್ರ ಹೆಚ್ಚು, ಆದರೆ ಶೀಟ್ ಕಣ್ಣಿಗೆ ಅದು ಇಮ್ಮಡಿ ಬೆಲೆಯಷ್ಟೇ ದೊಡ್ಡದು. ಕೊಟೇಷನ್‌ಗಳು ಹತ್ತಿರ ಹತ್ತಿರ ಇದ್ದಷ್ಟೂ ಈ ಬಗೆಯ ಪೆಟ್ಟು ಹೆಚ್ಚು.

ಹಾಗಾದರೆ 20% ಎಂಬ ಮಿತಿ ಎಲ್ಲಿಂದ ಬಂತು? ಅದನ್ನು ಊಹೆಯಿಂದ ಹಾಕಬಾರದು, ಯಂತ್ರ ನಿಂತರೆ ಆಗುವ ನಷ್ಟದಿಂದ ತೆಗೆಯಬೇಕು. ಸೀಸನ್ನಿನಲ್ಲಿ ದಿನಕ್ಕೆ ಎರಡು ಬ್ಯಾಚ್, ಅಂದರೆ 10 ಟನ್ ಒಣಗುತ್ತದೆ. 24 ಗಂಟೆಗೆ ಬರುವ ಮೆಕ್ಯಾನಿಕ್‌ಗೂ 72 ಗಂಟೆಗೆ ಬರುವವನಿಗೂ ಅಂತರ ಎರಡು ದಿನ, ಅಂದರೆ 20 ಟನ್ ಹಸಿ ಕಾಳು. ಅದನ್ನು ಒಣಗಿಸದೆ ಮಾರಿದರೆ ಕ್ವಿಂಟಲ್‌ಗೆ ₹150 ಕಡಿಮೆ ಸಿಗುತ್ತದೆ ಎಂದುಕೊಳ್ಳಿ (ನಿಮ್ಮ ಎಪಿಎಂಸಿಯಲ್ಲಿ ವಿಚಾರಿಸಿ ಸರಿಯಾದ ಅಂಕಿ ಹಾಕಿ). 200 ಕ್ವಿಂಟಲ್‌ಗೆ ₹30,000. ವರ್ಷಕ್ಕೊಮ್ಮೆ ಯಂತ್ರ ಕೆಟ್ಟರೆ 5 ವರ್ಷಕ್ಕೆ ₹1.50 ಲಕ್ಷ. ಒಳ್ಳೆಯ ಸರ್ವಿಸ್‌ಗೆ ನಾವು ಹೆಚ್ಚುವರಿಯಾಗಿ ಕೊಡಬಹುದಾದ ಹಣ ಹೆಚ್ಚೆಂದರೆ ಅಷ್ಟು.

ಈಗ ಶೀಟ್ ಏನು ಹೇಳುತ್ತದೆ ನೋಡಿ. ಸರ್ವಿಸ್ ಅಂಕ 4ರಿಂದ 10ಕ್ಕೆ ಏರಿದರೆ 30% ತೂಕದಲ್ಲಿ ಒಟ್ಟು ಅಂಕ 1.8 ಏರುತ್ತದೆ. ಖರ್ಚಿನ ಕಡೆ, 16.10 ಲಕ್ಷದ 20%, ಅಂದರೆ ₹3.22 ಲಕ್ಷ ಹೆಚ್ಚಾದರೆ 40% ತೂಕದಲ್ಲಿ 4 ಅಂಕ ಹೋಗುತ್ತದೆ. ಒಂದು ಅಂಕದ ಬೆಲೆ ₹80,500, ಹಾಗಾಗಿ 1.8 ಅಂಕಕ್ಕೆ ₹1.45 ಲಕ್ಷ. ನಷ್ಟದ ಲೆಕ್ಕ ₹1.50 ಲಕ್ಷಕ್ಕೂ ಶೀಟಿನ ಬೆಲೆಗೂ ಹೊಂದಿಕೆಯಾಯಿತು, ಹಾಗಾಗಿ 20% ಸರಿ. ಇದೇ ಲೆಕ್ಕವನ್ನು 10–0 ಬಗೆಗೆ ಹಾಕಿದರೆ ಒಳ್ಳೆಯ ಸರ್ವಿಸ್‌ನ ಬೆಲೆ ₹58,500ಕ್ಕೆ ಇಳಿಯುತ್ತದೆ. ಭಾಗಿಸುವ ಬಗೆಯಲ್ಲಿ 7 ಲಕ್ಷ ದಾಟುತ್ತದೆ. ಎರಡೂ ನಮ್ಮ ಯಾರ್ಡಿನ ನಿಜಕ್ಕೆ ಹತ್ತಿರವಿಲ್ಲ. ವರ್ಷಕ್ಕೆ ಎರಡು ಸಲ ಕೆಡುತ್ತದೆ ಎಂಬ ಅಂದಾಜು ಇದ್ದರೆ J2ರಲ್ಲಿ 40% ಹಾಕಬೇಕಾಗುತ್ತದೆ.

"ರಾಜ್‌ಕೋಟಿನವ್ರದ್ದು ಕಡಿಮೆ ಐತಲ್ರೀ, ಅದನ್ನೇ ತಗಳಾಣ" ಎನ್ನುವ ನಿರ್ದೇಶಕರ ಮುಂದೆ ಇಡಬೇಕಾದ್ದು ಶೇಕಡಾ ಅಲ್ಲ, ಈ ರೂಪಾಯಿ ಲೆಕ್ಕ. "ಯಂತ್ರ ಎರಡು ದಿನ ಹೆಚ್ಚು ನಿಂತರೆ ಮೂವತ್ತು ಸಾವಿರ" ಎಂದಾಗ ಅವರೂ ಅದನ್ನು ತಮ್ಮ ಅನುಭವದ ಜೊತೆ ಇಟ್ಟು ನೋಡುತ್ತಾರೆ. ಅಂಕಿ ತಪ್ಪಿದ್ದರೆ ತಿದ್ದುತ್ತಾರೆ. ಮಿತಿ ಕೂಡ ತೂಕದ ಹಾಗೆಯೇ, ಲಕೋಟೆ ಒಡೆಯುವ ಮೊದಲು ಠರಾವಾಗಬೇಕು. ಆಗ ಖರ್ಚಿನ ಅಂಕಿ ಕೈಯಲ್ಲಿರುವುದಿಲ್ಲವಾದ್ದರಿಂದ ಮಾರುಕಟ್ಟೆಯ ಅಂದಾಜಿನಿಂದ ಲೆಕ್ಕ ಹಾಕಿ.

ಹೆಜ್ಜೆ 8: ರ‍್ಯಾಂಕನ್ನು ಅಲುಗಾಡಿಸಿ ನೋಡಿ

ಶೀಟಿನ ಪ್ರತಿ ಮಾಡಿಕೊಂಡು ತೂಕವನ್ನು 5 ಅಂಶ ಆಚೀಚೆ ಸರಿಸಿ. ಖರ್ಚು 45, ಸರ್ವಿಸ್ 25 ಮಾಡಿದರೆ ಕೊಯಮತ್ತೂರು 7.81, ರಾಜ್‌ಕೋಟ್ 7.30, ಹುಬ್ಬಳ್ಳಿ 7.28. ಎರಡನೇ ಸ್ಥಾನ ಬದಲಾಯಿತು, ಮೊದಲನೆಯದು ನಿಂತಿತು. ಖರ್ಚು 35, ಸರ್ವಿಸ್ 35 ಮಾಡಿದರೆ ಕೊಯಮತ್ತೂರು 7.70, ಹುಬ್ಬಳ್ಳಿ 7.69. ಇದನ್ನು ಗೆಲುವು ಎನ್ನಲಾಗದು, ಸಮ ಎನ್ನಬೇಕು. ಶೀಟ್ ಎರಡನೇ ದಶಮಾಂಶ ತೋರಿಸುತ್ತದೆ ಎಂದು ನಮ್ಮ ಮಾಹಿತಿಯೂ ಅಷ್ಟು ನಿಖರವಾಗಿದೆ ಎಂದಲ್ಲ.

ಅಂಕ ಕೊಟ್ಟ ಮೂವರ ನಡುವೆ ಒಂದೇ ಮನೆಗೆ ಒಂದು ಮೆಟ್ಟಿಲಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸರಾಸರಿ ಹಾಕಿ ಮುಚ್ಚಬೇಡಿ. ಒಬ್ಬರು 10, ಇನ್ನೊಬ್ಬರು 4 ಕೊಟ್ಟಿದ್ದರೆ ಇಬ್ಬರೂ ಬೇರೆ ಬೇರೆ ಸಾಕ್ಷಿ ನೋಡಿದ್ದಾರೆ ಎಂದರ್ಥ. ಆ ಗಿರಾಕಿಗೆ ಮತ್ತೊಮ್ಮೆ ಫೋನ್ ಮಾಡುವುದೇ ದಾರಿ.

ಹೆಜ್ಜೆ 9: ಅಂಕ ನೋಡಿಕೊಂಡು ಮಾತುಕತೆ

ಮೊದಲ ಇಬ್ಬರ ಅಂತರ ಇಷ್ಟು ಕಡಿಮೆ ಇದ್ದಾಗ ಖಾಸಗಿ ಕಂಪನಿಯಾದರೆ ಇಬ್ಬರನ್ನೂ ಕರೆದು, ಒಂದೇ ದಿನಾಂಕ ಕೊಟ್ಟು, ಕೊನೆಯ ಷರತ್ತನ್ನು ಲಿಖಿತವಾಗಿ ಕೇಳಿ. ಯಾರ ಅಂಕ ಎಲ್ಲಿ ಸೋರಿದೆ ಎಂಬುದು ಶೀಟಿನಲ್ಲೇ ಇದೆ. ಕೊಯಮತ್ತೂರಿನವರಿಗೆ ಬೆಲೆ ಇಳಿಸಿ ಎನ್ನುವುದಕ್ಕಿಂತ, "ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಬ್ಬ ಮೆಕ್ಯಾನಿಕ್ ದಾವಣಗೆರೆಯಲ್ಲೇ ಇರಲಿ" ಎಂದು ಕೇಳುವುದು ಲಾಭ. ಒಪ್ಪಿದರೆ ಸರ್ವಿಸ್ 10 ಆಗಿ ಒಟ್ಟು 8.65ಕ್ಕೆ ಏರುತ್ತದೆ. ಹುಬ್ಬಳ್ಳಿಯವರಿಗೆ ಸರ್ವಿಸ್‌ನಲ್ಲಿ ಕೇಳುವುದು ಏನೂ ಉಳಿದಿಲ್ಲ, ಅಲ್ಲಿ ಬೆಲೆಯ ಮಾತು. ಅವರು ₹60,000 ಇಳಿಸಿದರೆ 8.23ಕ್ಕೆ ಬರುತ್ತಾರೆ.

ಹೀಗೆ ಒಪ್ಪಿದ ಮಾತು ಖರೀದಿ ಆದೇಶದಲ್ಲಿ ಷರತ್ತಾಗಿ ಬರದಿದ್ದರೆ ಆ ಅಂಕವನ್ನು ವಾಪಸ್ ತೆಗೆಯಿರಿ. ಮೆಕ್ಯಾನಿಕ್ 24 ಗಂಟೆಯೊಳಗೆ ಬರದಿದ್ದರೆ ದಿನಕ್ಕೆ ₹15,000 ಕಡಿತ ಎಂದು ಬರೆಯಬಹುದು. ಆ ಅಂಕಿ ನಮ್ಮದೇ ನಷ್ಟದ ಲೆಕ್ಕದಿಂದ ಬಂದದ್ದು, ಎರಡು ದಿನಕ್ಕೆ ಮೂವತ್ತು ಸಾವಿರ. ಕಡಿತ ಮಾಡಲು ಕೈಯಲ್ಲಿ ಹಣ ಉಳಿದಿರಬೇಕು. ಆದ್ದರಿಂದ ಕೊಯಮತ್ತೂರಿನವರ "ಲೋಡ್‌ಗೆ ಮೊದಲೇ ಪೂರ್ತಿ ಹಣ" ಎಂಬ ಷರತ್ತನ್ನು ಒಪ್ಪದೆ 10% ತಡೆಹಿಡಿಯಲು ಕೇಳಿ. ಸೀಸನ್ ಮುಗಿದಾಗ ಟನ್ನಿಗೆ ನಿಜವಾಗಿ ಸುಟ್ಟ ಸೌದೆ, ಉರಿದ ಕರೆಂಟು, ಮೆಕ್ಯಾನಿಕ್ ಬಂದ ಗಂಟೆ ಮೂರನ್ನೂ ಅದೇ ಶೀಟಿನ ಪಕ್ಕದ ಕಾಲಂಗಳಲ್ಲಿ ತುಂಬಿ, ಕೊಟೇಷನ್ನಿನ ಅಂಕಿಗೆ ಹೋಲಿಸಿದ ಮೇಲೆ ಆ ಹಣ ಬಿಡುಗಡೆ ಮಾಡಿ.